ಷೇರು, ಫಂಡ್ ಮಾರಿದ ವರ್ಷ ಬಡ್ಡಿ ನೋಟಿಸ್ ಬಂತೇ? ಕಟ್ಟುವ ಮುನ್ನ ಹೀಗೆ ಪರಿಶೀಲಿಸಿ

ಸಂಬಳದಾರರಿಗೆ ಮುಂಗಡ ತೆರಿಗೆಯ ನೆನಪು ಬರುವುದು ಕಡಿಮೆ. ತಿಂಗಳು ತಿಂಗಳೂ ಕಂಪನಿಯೇ ಟಿಡಿಎಸ್ ಹಿಡಿದು ಕಟ್ಟಿಬಿಡುತ್ತದೆ. ಆದರೆ ಷೇರನ್ನೋ ಮ್ಯೂಚುವಲ್ ಫಂಡನ್ನೋ ಮಾರಿ ದೊಡ್ಡ ಲಾಭ ಬಂದ ವರ್ಷ ಲೆಕ್ಕವೇ ಬೇರೆ. ದೇಶದಲ್ಲೇ ವಾಸವಿರುವವರು ಇವನ್ನು ಮಾರಿದಾಗ ಲಾಭದ ಮೇಲೆ ಟಿಡಿಎಸ್ ಕಡಿತವಾಗುವುದಿಲ್ಲ. ಟಿಡಿಎಸ್ ಕಳೆದ ಮೇಲೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಉಳಿದರೆ, ಅದನ್ನು ಆ ವರ್ಷವೇ ಕಂತುಗಳಲ್ಲಿ ನಾವೇ ಕಟ್ಟಬೇಕು. ವ್ಯಾಪಾರ, ವೃತ್ತಿಯ ಆದಾಯವಿಲ್ಲದ 60 ವರ್ಷ ದಾಟಿದವರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ.

ಕಂತು ತಪ್ಪಿದರೆ, ರಿಟರ್ನ್ ಸಲ್ಲಿಸಿದ ಮೇಲೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ (ಸಿಪಿಸಿ) ಸೆಕ್ಷನ್ 143(1)ರ ಸೂಚನಾ ಪತ್ರ ಬರುತ್ತದೆ, ಅದರಲ್ಲಿ ಬಡ್ಡಿ ಸೇರಿರುತ್ತದೆ. ಹೆದರಿ ಕೂಡಲೇ ಕಟ್ಟುವುದೂ ಬೇಡ, ತಪ್ಪು ನೋಟಿಸ್ ಎಂದು ಬದಿಗಿಡುವುದೂ ಬೇಡ. ಅದರಲ್ಲಿರುವುದು ಯಾವ ಬಡ್ಡಿ ಎಂಬುದನ್ನು ಮೊದಲು ತಿಳಿಯಬೇಕು. ಒಂದು ಬಗೆಯ ಬಡ್ಡಿಗೆ ಬಂಡವಾಳ ಲಾಭದ ವಿಷಯದಲ್ಲಿ ಕಾನೂನೇ ರಿಯಾಯಿತಿ ಕೊಟ್ಟಿದೆ, ಇನ್ನೊಂದಕ್ಕೆ ಕೊಟ್ಟಿಲ್ಲ.

ಹಂತ 1: ಯಾವ ಬಡ್ಡಿ ಎಂದು ಗುರುತಿಸಿ

ಸೂಚನಾ ಪತ್ರದ ಪಿಡಿಎಫ್ ತೆರೆಯಲು ಪ್ಯಾನ್ ಸಂಖ್ಯೆಯನ್ನು ಸಣ್ಣ ಅಕ್ಷರಗಳಲ್ಲಿ ಬರೆದು, ಅದಕ್ಕೆ ಅಂಟಿಸಿ ಹುಟ್ಟಿದ ದಿನಾಂಕದ ಎಂಟು ಅಂಕಿಗಳನ್ನು ಹಾಕಬೇಕು. ಒಳಗೆ ಎರಡು ಕಾಲಂ ಇರುತ್ತವೆ. ಒಂದು ನೀವು ರಿಟರ್ನ್‌ನಲ್ಲಿ ತೋರಿಸಿದ್ದು, ಇನ್ನೊಂದು ಇಲಾಖೆ ಲೆಕ್ಕ ಹಾಕಿದ್ದು. ಕೆಳಭಾಗದಲ್ಲಿ 234ಬಿ ಮತ್ತು 234ಸಿ ಸಾಲುಗಳನ್ನು ಹುಡುಕಿ.

234ಸಿ ಎಂದರೆ ವರ್ಷದೊಳಗಿನ ಕಂತು ತಪ್ಪಿದ್ದಕ್ಕೆ ಬೀಳುವ ಬಡ್ಡಿ. ಟಿಡಿಎಸ್ ಕಳೆದು ಉಳಿದ ತೆರಿಗೆಯಲ್ಲಿ ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಮೊದಲ ಮೂರು ಕಂತುಗಳ ಕೊರತೆಗೆ ತಿಂಗಳಿಗೆ ಶೇ 1ರಂತೆ ಮೂರು ತಿಂಗಳ ಬಡ್ಡಿ, ಕೊನೆಯದಕ್ಕೆ ಒಂದು ತಿಂಗಳದ್ದು.

234ಬಿ ವರ್ಷ ಮುಗಿದ ಮೇಲೆ ಓಡುವ ಬಡ್ಡಿ. ಟಿಡಿಎಸ್ ಕಳೆದು ಉಳಿದ ತೆರಿಗೆಯ ಶೇ 90ರಷ್ಟನ್ನಾದರೂ ಮಾರ್ಚ್ 31ರೊಳಗೆ ಕಟ್ಟದಿದ್ದರೆ, ಏಪ್ರಿಲ್ 1ರಿಂದ ಬಾಕಿಯ ಮೇಲೆ ತಿಂಗಳಿಗೆ ಶೇ 1. ತಿಂಗಳಲ್ಲಿ ಒಂದೇ ದಿನವಾದರೂ ಪೂರ್ತಿ ತಿಂಗಳೆಂದೇ ಲೆಕ್ಕ.

ಹಂತ 2: ಲಾಭ ಬಂದ ದಿನಾಂಕ ನೋಡಿ

ಯಾವ ತಿಂಗಳಲ್ಲಿ ಫಂಡ್ ಮಾರುತ್ತೇವೆ ಎಂದು ಜೂನ್‌ನಲ್ಲೇ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ 234ಸಿ ಸೆಕ್ಷನ್‌ನಲ್ಲೇ ರಿಯಾಯಿತಿ ಇದೆ. ಬಂಡವಾಳ ಲಾಭವನ್ನು ಮೊದಲೇ ಅಂದಾಜು ಮಾಡಲಾಗದೆ ಕಂತು ಕಡಿಮೆಯಾದರೆ, ಲಾಭ ಬಂದ ಮೇಲೆ ಉಳಿದಿರುವ ಕಂತುಗಳಲ್ಲಿ ಅದರ ತೆರಿಗೆಯನ್ನು ಪೂರ್ತಿ ಕಟ್ಟಿದವರಿಗೆ ಆ ಕೊರತೆಯ ಮೇಲೆ ಬಡ್ಡಿ ಇಲ್ಲ. ಮಾರ್ಚ್ 15ರ ನಂತರ ಮಾರಿದ್ದರೆ ಮಾರ್ಚ್ 31ರೊಳಗೆ ಕಟ್ಟಿದರೆ ಸಾಕು. ಇಲ್ಲಿ ಲೆಕ್ಕಕ್ಕೆ ಬರುವುದು ಮಾರಿದ ದಿನ, ಹಣ ಬ್ಯಾಂಕಿಗೆ ಜಮೆಯಾದ ದಿನವಲ್ಲ.

ಹಂತ 3: ರಿಟರ್ನ್‌ನ ಕೋಷ್ಟಕ ಪರಿಶೀಲಿಸಿ

ಲಾಭ ಯಾವಾಗ ಬಂತು ಎಂಬುದು ಇಲಾಖೆಯ ಕಂಪ್ಯೂಟರಿಗೆ ತಿಳಿಯುವುದು ಒಂದೇ ಜಾಗದಿಂದ. ಐಟಿಆರ್-2ರ Schedule CG ಕೊನೆಯಲ್ಲಿ ಲಾಭವನ್ನು ಐದು ಅವಧಿಗಳಿಗೆ ಹಂಚುವ ಕೋಷ್ಟಕವಿದೆ: ಜೂನ್ 15ರವರೆಗೆ, ಸೆಪ್ಟೆಂಬರ್ 15ರವರೆಗೆ, ಡಿಸೆಂಬರ್ 15ರವರೆಗೆ, ಮಾರ್ಚ್ 15ರವರೆಗೆ, ಮಾರ್ಚ್ 31ರವರೆಗೆ. ಅವಸರದಲ್ಲಿ ಇಡೀ ಮೊತ್ತವನ್ನು ಮೊದಲ ಕಾಲಂಗೆ ತುಂಬಿದರೆ ವರ್ಷದ ಆರಂಭದಲ್ಲೇ ಲಾಭ ಬಂದಂತಾಗುತ್ತದೆ.

ಒಂದು ಉದಾಹರಣೆ ನೋಡಿ. 18 ಲಕ್ಷ ಸಂಬಳದ ಉದ್ಯೋಗಿಯೊಬ್ಬರು 2025ರ ಜನವರಿ 20ರಂದು ಈಕ್ವಿಟಿ ಫಂಡ್ ಮಾರಿದರು. ದೀರ್ಘಾವಧಿ ಲಾಭ 17.25 ಲಕ್ಷ. ಇದರಲ್ಲಿ 1.25 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 16 ಲಕ್ಷಕ್ಕೆ ಶೇ 12.5ರಂತೆ 2 ಲಕ್ಷ, ಶೇ 4 ಸೆಸ್ ಸೇರಿ 2,08,000 ರೂಪಾಯಿ. ಸಂಬಳದ ತೆರಿಗೆ ಟಿಡಿಎಸ್‌ನಲ್ಲೇ ತೀರಿದೆ. ಮಾರ್ಚ್ 10ರಂದು ಅವರು ಈ 2,08,000 ರೂಪಾಯಿಯನ್ನು ಪೂರ್ತಿ ಕಟ್ಟಿದರು. ನ್ಯಾಯವಾಗಿ ಯಾವ ಬಡ್ಡಿಯೂ ಬರಬಾರದು.

ಆದರೆ ರಿಟರ್ನ್‌ನಲ್ಲಿ ಇಡೀ ಲಾಭ ಮೊದಲ ಕಾಲಂನಲ್ಲಿತ್ತು. ಇಲಾಖೆಯ ಲೆಕ್ಕ ಹೀಗೆ ಬಂತು:

- ಜೂನ್ ಕಂತು 31,200, ಅದರ ಬಡ್ಡಿ 936 ರೂ.
- ಸೆಪ್ಟೆಂಬರ್‌ಗೆ ಆಗಬೇಕಿದ್ದುದು 93,600, ಬಡ್ಡಿ 2,808 ರೂ.
- ಡಿಸೆಂಬರ್‌ಗೆ ಆಗಬೇಕಿದ್ದುದು 1,56,000, ಬಡ್ಡಿ 4,680 ರೂ.

ಒಟ್ಟು 8,424 ರೂಪಾಯಿ. ಲಾಭ ನಾಲ್ಕನೇ ಕಾಲಂನಲ್ಲಿ ಇದ್ದಿದ್ದರೆ ಇದು ಸೊನ್ನೆ. ನಿಮ್ಮ ನೋಟಿಸ್‌ನಲ್ಲೂ 234ಸಿ ಬಡ್ಡಿ ಲಾಭ ಬರುವುದಕ್ಕೆ ಮುಂಚಿನ ಕಂತುಗಳಿಗೆ ಬಿದ್ದಿದ್ದರೆ ಮೊದಲು ಈ ಕೋಷ್ಟಕವನ್ನೇ ನೋಡಿ.

ಹಂತ 4: ಚಲನ್ ನೋಡಿ

ಕೋಷ್ಟಕ ಸರಿಯಿದ್ದರೆ ಮುಂದೆ ನೋಡಬೇಕಾದದ್ದು ಚಲನ್. ಮುಂಗಡ ತೆರಿಗೆಯ ಕೋಡ್ 100, ಸ್ವಯಂ ನಿರ್ಧಾರಿತ ತೆರಿಗೆಯದು 300. 2024–25ರ ಆದಾಯಕ್ಕೆ ಆಯ್ಕೆ ಮಾಡಬೇಕಾದ ನಿರ್ಧಾರಣಾ ವರ್ಷ 2025–26. ಎಐಎಸ್‌ನಲ್ಲಿ ನಿಮ್ಮ ಚಲನ್ ಇದೆಯೇ, ಅದರ ದಿನಾಂಕ, ಮೊತ್ತ ರಿಟರ್ನ್‌ನಲ್ಲಿ ಹಾಗೆಯೇ ಬಂದಿದೆಯೇ ಎಂದು ಹೋಲಿಸಿ.

ಹಂತ 5: ತಪ್ಪಿದ್ದರೆ ತಿದ್ದುಪಡಿ, ಸರಿಯಿದ್ದರೆ ಪಾವತಿ

ಬಡ್ಡಿ ತಪ್ಪಾಗಿದ್ದರೆ ಎರಡು ಕೆಲಸ ಮಾಡಬೇಕು. ಇ-ಫೈಲಿಂಗ್ ಪೋರ್ಟಲ್‌ನ Pending Actions ಒಳಗಿನ Response to Outstanding Demand ತೆರೆದು, ಬಾಕಿಗೆ ಒಪ್ಪಿಗೆ ಇಲ್ಲವೆಂದು ಕಾರಣ ಸಹಿತ ದಾಖಲಿಸಿ. ನಂತರ Services ಅಡಿಯ Rectification ಮೂಲಕ ಸೆಕ್ಷನ್ 154ರ ತಿದ್ದುಪಡಿ ಕೋರಿ. 234ಸಿ ಮಾಹಿತಿಗೆಂದೇ ಪ್ರತ್ಯೇಕ ಆಯ್ಕೆ ಕಂಡರೆ ಅದನ್ನು, ಇಲ್ಲದಿದ್ದರೆ Return data correction ಆಯ್ದು ಲಾಭವನ್ನು ಸರಿಯಾದ ಅವಧಿಗೆ ಹಂಚಿ. Reprocess the return ಒತ್ತಿದರೆ ಸಾಲದು. ಕೋಷ್ಟಕ ಹಳೆಯದೇ ಇರುವುದರಿಂದ ಅದೇ ಬಡ್ಡಿ ಮತ್ತೆ ಬರುತ್ತದೆ. ಮಾರಾಟದ ದಿನಾಂಕವಿರುವ ಫಂಡ್ ಅಥವಾ ಬ್ರೋಕರ್ ವಿವರಪಟ್ಟಿ ಮತ್ತು ಚಲನ್ ಪ್ರತಿ ಕೈಯಲ್ಲಿರಲಿ.

ಬಡ್ಡಿ ಸರಿಯಿದ್ದರೆ ತಡಮಾಡಬೇಡಿ. ಮೇಲಿನ ಉದ್ಯೋಗಿಯೇ ಮಾರ್ಚ್‌ನಲ್ಲಿ ಏನೂ ಕಟ್ಟದೆ, ಜುಲೈ 20ರಂದು ರಿಟರ್ನ್ ಜತೆ 2,08,000 ಕಟ್ಟಿದ್ದರೆ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳಿಗೆ 8,320 ರೂಪಾಯಿ 234ಬಿ ಬಡ್ಡಿ ಬೀಳುತ್ತಿತ್ತು, 234ಸಿ ಬೇರೆ. ಲಾಭ ತಡವಾಗಿ ಬಂತೆಂಬ ಕಾರಣ 234ಬಿಗೆ ನಡೆಯುವುದಿಲ್ಲ. ರಿಟರ್ನ್ ಸಲ್ಲಿಕೆಯ ಕೊನೆಯ ದಿನ ಮುಂದೆ ಹೋದರೂ ಈ ಬಡ್ಡಿ ನಿಲ್ಲುವುದಿಲ್ಲ. ನೋಟಿಸ್‌ನ ಬಾಕಿಗೆ 30 ದಿನಗಳ ಗಡುವು ಇದೆ. ಅದು ದಾಟಿದರೆ ಮತ್ತೆ ತಿಂಗಳಿಗೆ ಶೇ 1 ಸೇರುತ್ತದೆ, ಮುಂದಿನ ರಿಫಂಡ್‌ನಲ್ಲೂ ಹಿಡಿದುಕೊಳ್ಳಬಹುದು.

ಮುಂದಿನ ಬಾರಿ ಮಾರುವಾಗ

ಸಂಬಳದಾರರಿಗೆ ಇನ್ನೊಂದು ದಾರಿ ಇದೆ. ಬಂಡವಾಳ ಲಾಭವನ್ನು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಬರೆದು ಕೊಟ್ಟರೆ ಅದರ ತೆರಿಗೆಯನ್ನೂ ಉಳಿದ ತಿಂಗಳುಗಳ ಸಂಬಳದಿಂದ ಟಿಡಿಎಸ್ ಆಗಿ ಹಿಡಿಯಬಹುದು. ಟಿಡಿಎಸ್ ಆದ ಮೊತ್ತ ಮುಂಗಡ ತೆರಿಗೆಯ ಲೆಕ್ಕದಿಂದಲೇ ಕಳೆದುಹೋಗುತ್ತದೆ. ಸಂಬಳ ಸಾಲದಷ್ಟು ದೊಡ್ಡ ಲಾಭವಾದರೆ ಮುಂದಿನ ಕಂತಿನ ದಿನದೊಳಗೆ ನೀವೇ ಚಲನ್ ಕಟ್ಟಿ. ಮಾರ್ಚ್ 15 ತಪ್ಪಿದರೂ ಮಾರ್ಚ್ 31ರೊಳಗೆ ಕಟ್ಟಿದ್ದು ಮುಂಗಡ ತೆರಿಗೆಯೇ ಆಗುತ್ತದೆ. ಆಗ 234ಸಿ ಸ್ವಲ್ಪ ಬಿದ್ದರೂ ಬೆಳೆಯುತ್ತ ಹೋಗುವ 234ಬಿ ತಪ್ಪುತ್ತದೆ.