ಸಾವಿನ ಸುದ್ದಿಗೂ ಜಾತಿ ಅಂಟೀತು, ಜೋಕೆ

ನಿನ್ನ ಇಂಗ್ಲಿಷು ಚೆನ್ನಾಗಿದೆ ಮಗು, ಕನ್ನಡವೂ ಪರವಾಗಿಲ್ಲ. ಕೈ ಮಾತ್ರ ಬಲು ಚುರುಕು. ಆಫೀಸಿನಲ್ಲಿ ಯಾರಾದರೂ ತೀರಿಕೊಂಡರೆ, ಇಂಗ್ಲಿಷಿನಲ್ಲಿ ಬಂದ ನಾಲ್ಕು ಸಾಲನ್ನು ಕನ್ನಡಕ್ಕೆ ತಂದು ವಾಟ್ಸಾಪ್ ಗುಂಪಿಗೆ ಹಾಕುವ ಕೆಲಸ ನಿನ್ನ ತಲೆಗೇ ಬರುತ್ತದೆ. ನೀನೋ ಟೀ ಆರುವುದರೊಳಗೆ ಮುಗಿಸಿಬಿಡುತ್ತೀಯ. ಎಡವಟ್ಟಾಗುವುದು ಅಲ್ಲೇ.

ಇಂಗ್ಲಿಷಿನ ಆ ಒಕ್ಕಣೆ ಯಾರು ಹೋದರೂ ಒಂದೇ. ನಮ್ಮಲ್ಲಿ ಹಾಗಲ್ಲ, ಸತ್ತವರು ಹೋಗುವ ಊರು ಮನೆಮನೆಗೂ ಬೇರೆ. ವೈಕುಂಠವಾಸಿ ಅಂದರೆ ವಿಷ್ಣುಭಕ್ತರ ಮನೆ, ಕೈಲಾಸವಾಸಿ ಅಂದರೆ ಶಿವಭಕ್ತರದು, ಲಿಂಗೈಕ್ಯ ಅಂದರೆ ಲಿಂಗಾಯತರದು. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹೋದಾಗ ಜನ ಶಿವೈಕ್ಯ, ಲಿಂಗೈಕ್ಯ ಅಂದರು. ಅದೇ ವರ್ಷ ಡಿಸೆಂಬರಿನಲ್ಲಿ ಪೇಜಾವರದ ವಿಶ್ವೇಶತೀರ್ಥರು ಹೋದಾಗ ಕೃಷ್ಣೈಕ್ಯ ಅಂದರು. ಇವೆರಡನ್ನು ಅದಲುಬದಲು ಮಾಡಿ ನೋಡು, ಎರಡೂ ಮಠದವರು ನಿನ್ನನ್ನು ಹುಡುಕಿಕೊಂಡು ಬರುತ್ತಾರೆ.

ತೀರಿಕೊಂಡವರು ಒಬ್ಬ ಮುಸ್ಲಿಂ ಚಾಲಕರು ಅಂದುಕೋ. ಅವಸರದಲ್ಲಿ ನೀನು ಬರೆಯುವುದು ಹೀಗೆ: ‘ನಮ್ಮ ಹಿರಿಯ ಚಾಲಕರು ನಿನ್ನೆ ರಾತ್ರಿ ಸ್ವರ್ಗಸ್ಥರಾದರು. ವಿಧವೆ ಹಾಗೂ ಇಬ್ಬರು ಮಕ್ಕಳನ್ನು ಅಗಲಿದ್ದಾರೆ. ಸಂಜೆ 4ಕ್ಕೆ ದಹನ ಸಂಸ್ಕಾರ. ಅವರಿಗೆ ಸದ್ಗತಿ ದೊರೆಯಲಿ.’ ವ್ಯಾಕರಣ ತಪ್ಪಿಲ್ಲ. ಆದರೆ ಆ ಚಾಲಕರ ಮನೆಯವರಿಗೆ ನಾಲ್ಕೂ ಸಾಲು ಚುಚ್ಚುತ್ತವೆ.

ಮುಸ್ಲಿಮರು ಹೆಣ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹಾಗಾಗಿ ‘ದಹನ’ ಬರೀ ಮುಜುಗರವಲ್ಲ, ಸುದ್ದಿಯೇ ಸುಳ್ಳು. ಓದಿದವರು ಚಿತಾಗಾರಕ್ಕೆ ಹೋಗಿ ನಿಂತಾರು, ಅಲ್ಲಿ ಖಬರಸ್ತಾನದಲ್ಲಿ ಎಲ್ಲ ಮುಗಿದಿರುತ್ತದೆ. ಲಿಂಗಾಯತರಲ್ಲೂ ಮಣ್ಣು ಮಾಡುವುದೇ ರೂಢಿ, ಆದ್ದರಿಂದ ಹೆಸರು ನೋಡಿ ಊಹೆ ಮಾಡಬೇಡ. ‘ಸದ್ಗತಿ’ಯ ಹಿಂದೆ ಕರ್ಮ, ಮರುಹುಟ್ಟಿನ ಲೆಕ್ಕವಿದೆ, ಅದು ಮುಸ್ಲಿಮರ ನಂಬಿಕೆಯಲ್ಲ. ‘ಸ್ವರ್ಗಸ್ಥ’ ಅಷ್ಟು ಗಡುಸಲ್ಲ, ಆದರೂ ಹಿಂದೂ ಮನೆಯ ಕಾರ್ಡಿನ ಮಾತು. ‘ವಿಧವೆ’ಯದು ಧರ್ಮದ ಕಥೆಯಲ್ಲ, ಸಮಾಜದ್ದು. ಇಂಗ್ಲಿಷಿನ ಮರಣವಾರ್ತೆಯಲ್ಲಿ ಅದು ಸಾಮಾನ್ಯ ಪದ. ನಮ್ಮಲ್ಲಿ ಅದರ ಬೆನ್ನಿಗೆ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಶುಭಕಾರ್ಯದಿಂದ ದೂರ ಇಡುವುದು ಎಲ್ಲ ಬರುತ್ತದೆ. ಗಂಡ ಹೋದ ದಿನವೇ ಆಕೆಗೆ ಆ ಪಟ್ಟ ಕಟ್ಟಲು ನೀನ್ಯಾರು? ಅದಕ್ಕೇ ನಮ್ಮ ಪತ್ರಿಕೆಗಳು ‘ಪತ್ನಿ’ ಅನ್ನುತ್ತವೆ.

ತಿದ್ದಿದರೆ ಹೀಗಾಗುತ್ತದೆ: ‘ನಮ್ಮ ಹಿರಿಯ ಚಾಲಕರು ನಿನ್ನೆ ರಾತ್ರಿ ನಿಧನರಾದರು. ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಅಗಲಿದ್ದಾರೆ. ಅಂತ್ಯಕ್ರಿಯೆ ಇಂದು ಸಂಜೆ 4ಕ್ಕೆ. ಕುಟುಂಬದ ದುಃಖದಲ್ಲಿ ನಾವೂ ಭಾಗಿ.’ ನಿಧನ, ಅಂತ್ಯಕ್ರಿಯೆ ಎರಡೂ ಪತ್ರಿಕೆಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರಿಗೂ ನಡೆಯುವ ಮಾತು.

ಇಂಥ ಪದ ಕಣ್ಣಿಗೆ ಬೀಳುವುದು ಹೇಗೆ ಅಂತೀಯಾ? ಬರೆದಾದ ಮೇಲೆ ಸತ್ತವರ ಹೆಸರಿನ ಜಾಗದಲ್ಲಿ ಬಸವರಾಜ, ಅಬ್ದುಲ್, ಮೇರಿ, ಮೂರನ್ನೂ ಒಂದೊಂದಾಗಿ ಇಟ್ಟು ಗಟ್ಟಿಯಾಗಿ ಓದು. ಯಾವ ಸಾಲಿನಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲೊಂದು ಪದ ಒಂದು ಮನೆಗೆ ಸೇರಿದ್ದು. ನಿಘಂಟು ಮಾತ್ರ ತೆಗೆಯಬೇಡ, ಅದು ದಾರಿ ತಪ್ಪಿಸುತ್ತದೆ. ‘ದಿವಂಗತ’ವನ್ನು ಬಿಡಿಸಿದರೆ ಸ್ವರ್ಗಕ್ಕೆ ಹೋದವರು ಅಂತಲೇ ಅರ್ಥ. ಆದರೆ ಬಳಸಿ ಬಳಸಿ ಆ ಸ್ವರ್ಗ ಸವೆದುಹೋಗಿದೆ, ಯಾರ ಹೆಸರಿನ ಹಿಂದೆ ಇಟ್ಟರೂ ನಡೆಯುತ್ತದೆ. ‘ಲಿಂಗೈಕ್ಯ’ದಲ್ಲಿ ಲಿಂಗ ಇನ್ನೂ ಜೀವಂತವಾಗಿದೆ. ಪದದ ಹುಟ್ಟಲ್ಲ, ಇವತ್ತು ಅದು ಯಾರ ಬಾಯಲ್ಲಿದೆ ಅನ್ನುವುದನ್ನು ನೋಡು.

ನಿನ್ನ ಕಿವಿಯೂ ಒಂದು ಮನೆಯಲ್ಲೇ ಬೆಳೆದದ್ದು, ನೆನಪಿಡು. ಹುಟ್ಟಿದಾಗಿನಿಂದ ಕೇಳಿದ ಮಾತು ನಿನಗೆ ಎಲ್ಲರ ಮಾತೇ ಅನ್ನಿಸುತ್ತದೆ. ಆದ್ದರಿಂದ ಬೇರೆ ಮನೆಯವರೊಬ್ಬರಿಗೆ ಓದಿ ಹೇಳು. ‘ಸರಿಯಿದೆಯಾ’ ಅಂತ ಕೇಳಿದರೆ ಸಂಕೋಚಕ್ಕೆ ಹೂಂ ಅಂದುಬಿಡುತ್ತಾರೆ. ‘ನಿಮ್ಮ ಮನೆಯಲ್ಲಾದರೆ ಹೇಗೆ ಹೇಳುತ್ತೀರಿ’ ಅಂತ ಕೇಳು, ಆಗ ನಿಜ ಹೊರಬರುತ್ತದೆ.

ಹಾಗಂತ ಸಿಕ್ಕಿದ್ದನ್ನೆಲ್ಲ ಸವರಿ ಬೋಳು ಮಾಡಬೇಡ. ಮನೆಯವರೇ ಕಾರ್ಡಿನಲ್ಲಿ ಶಿವಗಣಾರಾಧನೆ ಅಂತಲೋ ವೈಕುಂಠ ಸಮಾರಾಧನೆ ಅಂತಲೋ ಅಚ್ಚು ಹಾಕಿಸಿದ್ದರೆ ಅದು ಅವರ ಹಕ್ಕು, ಇದ್ದ ಹಾಗೇ ಇಳಿಸು. ಅದನ್ನು ‘ಸ್ಮರಣಾರ್ಥ ಭೋಜನ’ ಮಾಡಿದರೆ ಅದೂ ತಪ್ಪೇ. ಗೊತ್ತಿಲ್ಲವೆಂದರೆ ಆ ಮನೆಯ ಹತ್ತಿರದವರೊಬ್ಬರಿಗೆ ಫೋನ್ ಮಾಡು. ಸಂದೇಶ ಅರ್ಧ ಗಂಟೆ ತಡವಾದರೆ ಯಾರೂ ನಿನ್ನನ್ನು ಬೈಯುವುದಿಲ್ಲ. ಬೈದರೆ ನನ್ನ ಹೆಸರು ಹೇಳು.