ತಮ್ಮ ಕಳಿಸಿದ ಮುಗಿದ ಕೈ

ಪ್ರಶ್ನೆ: ನಾನು ಅಥಣಿ ತಾಲೂಕಿನವಳು. ತವರುಮನಿ ನಿಪ್ಪಾಣಿ ಕಡೆ. ನನ್ನ ಮಗಳ ಕುಬುಸಕ್ಕ ನನ್ನ ತಮ್ಮ ಬರಲೇ ಇಲ್ಲ. ಸೋದರಮಾವ ಇಲ್ಲದ ಕುಬುಸ ಅಂತ ಬೀಗರು ಆಡಿಕೊಂಡರು. ರಾತ್ರಿ ತಡೀಲಾರದ ಅವಗ ವಾಟ್ಸಾಪ್‌ನ್ಯಾಗ ಬರದೆ: ‘ಎಲ್ಲಾರ ಮುಂದ ನನ್ನ ಮಾರಿ ತಗ್ಗಿಸಿದಿ. ಯಾಕ ಬರಲಿಲ್ಲ ಹೇಳು. ಇನ್ನ ಮ್ಯಾಲೆ ನಾ ಬರೂದೂ ಬ್ಯಾಡೇನು?’ ಮರುದಿನ ಸಂಜಿಗೆ ಬಂದ ಉತ್ತರ ಇಷ್ಟ: 🙏. ಒಂದು ಅಕ್ಷರಾನೂ ಇಲ್ಲ. ನಮ್ಮವರು, ಅಂವ ತಪ್ಪಾತು ಅಂದಾನ ಅಂತಾರ. ನನಗ ಮಾತ್ರ ‘ಸಾಕು, ನಿನಗ ಕೈಮುಗದೆ, ಬಿಡು’ ಅಂದಂಗ ಕಾಣತದ. ಎರಡು ದಿನದ ಮ್ಯಾಲೆ ನಮ್ಮವರಿಗೆ ಫೋನ್ ಮಾಡಿ ‘ಹುಡುಗಿ ಹೆಂಗದಾಳ’ ಅಂತ ಕೇಳ್ಯಾನ. ನನಗ ಮಾಡಿಲ್ಲ. ಏನಂತ ತಿಳೀಲಿ?

ಉತ್ತರ: ಅಕ್ಕಾವ್ರೆ, ನಿಮ್ಮ ಸಂಕಟ ಅರ್ಥವಾಗುತ್ತದೆ. ನೀವಿಬ್ಬರೂ ಓದಿದ ಎರಡು ಅರ್ಥಗಳೂ ಆ ಚಿತ್ರಕ್ಕೆ ಸಲ್ಲುತ್ತವೆ. ಜಪಾನಿನ ಮೊಬೈಲ್‌ಗಳಿಂದ ಬಂದ ಈ ಚಿತ್ರ 2010ರಲ್ಲಿ ಯೂನಿಕೋಡ್ ಪಟ್ಟಿ ಸೇರಿತು. ಅಲ್ಲಿ ಅದಕ್ಕೆ ಕೊಟ್ಟ ಹೆಸರು ‘ಕೈ ಮುಗಿದ ವ್ಯಕ್ತಿ’ ಎಂದಷ್ಟೇ. ಪ್ರಾರ್ಥನೆ ಎಂದೂ ಇಲ್ಲ, ಕ್ಷಮೆ ಎಂದೂ ಇಲ್ಲ. ಜಪಾನಿನಲ್ಲಿ ಜನ ಏನಾದರೂ ಬೇಡುವಾಗ, ಕ್ಷಮೆ ಕೇಳುವಾಗ, ಊಟಕ್ಕೆ ಕೂಡುವಾಗ ಎಲ್ಲಕ್ಕೂ ಕೈ ಜೋಡಿಸುತ್ತಾರೆ. ನಮ್ಮಲ್ಲೂ ಹಾಗೇ. ಚಿಂಚಲಿ ಮಾಯಕ್ಕನ ಫೋಟೊದ ಕೆಳಗೆ ಅದು ಭಕ್ತಿ. ತೀರಿಕೊಂಡವರ ಸುದ್ದಿಗೆ ಕನ್ನಡದವರೂ ಮರಾಠಿಯವರೂ ‘ಭಾವಪೂರ್ಣ ಶ್ರದ್ಧಾಂಜಲಿ’ ಬರೆದು ಅದನ್ನೇ ಹಾಕುತ್ತಾರೆ, ಅಲ್ಲಿ ಅದು ಗೌರವ. ಮುಂಜಾನೆ ಕಾಕಾ ಗುಂಪಿಗೆ ಕಳಿಸಿದ ಶುಭೋದಯಕ್ಕೆ ಹಾಕಿದರೆ ಬರೀ ನಮಸ್ಕಾರ. ಕೊಟ್ಟ ಸಾಲ ವಾಪಸ್ ಕೇಳಿದವರಿಗೆ ಕಳಿಸಿದರೆ ‘ಇನ್ನೊಂದಿಷ್ಟು ದಿನ ತಡೀರಿ’ ಎಂಬ ಬೇಡಿಕೆ.

ಹಾಗಾಗಿ ಚಿತ್ರವನ್ನು ಬಿಟ್ಟು, ಅದು ಯಾವ ಮಾತಿಗೆ ಉತ್ತರವಾಗಿ ಬಂತು ಎಂಬುದನ್ನು ನೋಡಿ. ನಿಮ್ಮ ಮೆಸೇಜಿನಲ್ಲಿ ಮೂರು ಸಂಗತಿಗಳಿವೆ: ಒಂದು ಆಪಾದನೆ, ಯಾಕೆ ಎಂಬ ಪ್ರಶ್ನೆ, ಸಂಬಂಧ ಕಡಿದುಕೊಳ್ಳುವ ಮಾತು. ಮುಗಿದ ಕೈ ಆಪಾದನೆಗೆ ಉತ್ತರವಾಗಿದ್ದರೆ ಅದು ಕ್ಷಮೆ. ಕೊನೆಯ ಮಾತಿಗಾದರೆ ‘ಅಕ್ಕಾ, ಹಂಗ ಅನಬ್ಯಾಡ’ ಎಂಬ ಬೇಡಿಕೆಯೂ ಆಗಬಹುದು, ‘ನಿನ್ನಿಷ್ಟ’ ಎಂದು ಕೈಬಿಟ್ಟದ್ದೂ ಆಗಬಹುದು. ‘ಯಾಕೆ’ ಎಂಬುದಕ್ಕೆ ಮಾತ್ರ ಅದು ಯಾವ ರೀತಿಯಲ್ಲೂ ಉತ್ತರವಲ್ಲ. ನಿಮ್ಮನ್ನು ಚುಚ್ಚುತ್ತಿರುವುದು ಅದೇ ಎಂದು ನನಗನಿಸುತ್ತದೆ.

ಇನ್ನು ನಿಮ್ಮ ತಮ್ಮನವರ ರೂಢಿ. ನಿಮ್ಮಿಬ್ಬರ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸಿ ಓದಿ. ‘ಆತು ಅಕ್ಕಾ’, ‘ಬರ್ತೀನಿ’ ಎಂದು ಬರೆಯುತ್ತಿದ್ದವರು ಈ ಸಲ ಮಾತ್ರ ಬರಿ ಚಿತ್ರ ಕಳಿಸಿದ್ದರೆ, ಮಾತು ಗಂಟಲಲ್ಲಿ ಸಿಕ್ಕಿದೆ ಎಂದೇ ಅರ್ಥ, ಅದು ಸಿಟ್ಟಿಗೂ ಇರಬಹುದು, ನಾಚಿಕೆಗೂ ಇರಬಹುದು. ಹಬ್ಬಕ್ಕೂ, ಹಣಕ್ಕೂ, ಔಷಧ ತಂದುಕೊಟ್ಟದ್ದಕ್ಕೂ ಅದನ್ನೇ ಒತ್ತುವ ಅಭ್ಯಾಸ ಅವರದಾಗಿದ್ದರೆ ಇದರಿಂದ ಏನನ್ನೂ ತೂಗಲಾಗದು.

ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಆಮೇಲಿನ ನಡೆ. ‘ಸಾಕು, ಬಿಡು’ ಎಂದು ಕೈಮುಗಿದವರು ಎರಡು ದಿನಕ್ಕೆ ಭಾವನವರಿಗೆ ಫೋನ್ ಮಾಡಿ ಬಸುರಿ ಹುಡುಗಿಯ ಕ್ಷೇಮ ಕೇಳುವುದಿಲ್ಲ. ನಿಮಗೆ ನೇರವಾಗಿ ಮಾಡುವ ಧೈರ್ಯ ಸಾಲದೆ ಭಾವನವರ ಮೂಲಕ ಬಂದಿದ್ದಾರೆ. ಆದ್ದರಿಂದ ಇದು ಕ್ಷಮೆಯ ಕೈ ಎಂಬ ನಿಮ್ಮ ಯಜಮಾನರ ಮಾತಿನ ಕಡೆಗೇ ನಾನೂ ವಾಲುತ್ತೇನೆ. ಆದರೆ ಅರ್ಧ ಕ್ಷಮೆ ಎಂದೂ ಹೇಳುತ್ತೇನೆ. ನಾಲ್ಕು ಜನರ ಮುಂದೆ ಆದ ನೋವಿಗೆ ‘ತಪ್ಪಾತು ಅಕ್ಕಾ’ ಎಂಬ ಎರಡು ಪದ ಬರೆಯಬೇಕಿತ್ತು. ಆ ಎರಡು ಪದಗಳ ಮುಂದೆ ಇದೇ ಚಿತ್ರ ಬಂದಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ.

ಇದನ್ನು ಮತ್ತೆ ಮೆಸೇಜಿನಲ್ಲಿ ಕೆದಕಬೇಡಿ. ಮನೆಯ ಗುಂಪಿನಲ್ಲಂತೂ ಬೇಡವೇ ಬೇಡ, ಎಲ್ಲರೂ ಓದುತ್ತಾರೆಂದರೆ ತಮ್ಮ ಇನ್ನೊಂದು 🙏 ಹಾಕಿ ಸುಮ್ಮನಾಗುತ್ತಾರೆ. ನೀವೇ ಫೋನ್ ಮಾಡಿ, ‘ಹುಡುಗಿ ಆರಾಮ ಅದಾಳ, ನಿನ್ನ ನೆನಸ್ತಿದ್ಳು’ ಎಂದು ಶುರುಮಾಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ಅವತ್ತು ಏನಾಗಿತ್ತು?’ ಕೇಳಿ ಸುಮ್ಮನಿರಿ, ಅವರೇ ಮಾತಾಡಲಿ. ಕೈಯಲ್ಲಿ ದುಡ್ಡಿರಲಿಲ್ಲವೋ, ತವರಿನ ಸೀರೆ ತರಲಾಗದೆ ಬರಲು ನಾಚಿದರೋ, ವೈನಿಯೊಂದಿಗೆ ಏನಾದರೂ ಆಯಿತೋ, ಅದು ಅವರ ಬಾಯಿಂದಲೇ ತಿಳಿಯಬೇಕು. ಫೋನ್ ಎತ್ತಲೇ ಇಲ್ಲ, ಎತ್ತಿದರೂ ಮಾತು ಮುಂದುವರಿಸಲಿಲ್ಲ ಎಂದಾದರೆ ನಿಮ್ಮ ಅನುಮಾನಕ್ಕೆ ಬಲ ಬಂತು, ಆಗ ನನಗೆ ಮತ್ತೆ ಬರೆಯಿರಿ. ಮಗಳ ಹೆರಿಗೆ ಹತ್ತಿರ ಬರುವ ಮೊದಲೇ ಈ ಫೋನ್ ಮಾಡಿಬಿಡಿ.