ನಿಷ್ಫಲವಾದ ಕೆಲಸಕ್ಕೆ ಉಪಕಾರ ಹೇಳುವ ರೀತಿ

ಬೆಳೆಯು ಕಣಕ್ಕೆ ಬಂದ ದಿವಸ ಆಳುಗಳಿಗೆ ಒಳ್ಳೇ ಮಾತು ಹೇಳುವದು ಯಾರಿಗೂ ಕಷ್ಟವಲ್ಲ. ಆದರೆ ಅನೇಕರು ಕೂಡಿ ಬಹಳವಾಗಿ ದುಡಿದ ಕೆಲಸವು ಕೆಟ್ಟುಹೋದಾಗ, ಅವರಿಗೆ ಏನು ಹೇಳಬೇಕೆಂದು ತಿಳಿಯದೆ ಮುಖ್ಯಸ್ಥರಲ್ಲಿ ಕೆಲವರು ಸುಮ್ಮನಿರುತ್ತಾರೆ, ಕೆಲವರು ಅತಿಯಾಗಿ ಮಾತಾಡುತ್ತಾರೆ. ಈ ಎರಡೂ ದುಡಿದವರನ್ನು ನೋಯಿಸುತ್ತವೆ. ಆದದರಿಂದ ಇಂಥ ಸಮಯದಲ್ಲಿ ಮಾತು ಹೇಗಿರಬೇಕೆಂಬದನ್ನು ಒಂದು ದೃಷ್ಟಾಂತದಿಂದ ನೋಡೋಣ.

ಒಂದು ಹಳ್ಳಿಯ ಸಭೆಯವರು ಕೂಡಿ ಬಾವಿಯನ್ನು ತೋಡಿದರೆಂದು ಎಣಿಸೋಣ. 26 ದಿವಸ ಅಗೆದರು. 40 ಅಡಿಯಲ್ಲಿ ಕರೀ ಬಂಡೆ ಸಿಕ್ಕಿತು, ನೀರು ಬರಲಿಲ್ಲ, ಹಣವೂ ತೀರಿತು. ಆಗ ಹಿರಿಯರೊಬ್ಬರು ಹೀಗೆ ಬರೆದರೆಂದಿಟ್ಟುಕೊಳ್ಳಿರಿ: “ನಮ್ಮ ಪ್ರಯತ್ನವು ಒಂದು ವಿಧದಲ್ಲಿ ಸಫಲವೇ ಆಯಿತು. ನೀವೆಲ್ಲರೂ ಚೆನ್ನಾಗಿ ದುಡಿದಿರಿ, ಆದರೆ ನೀರು ಬರಲಿಲ್ಲ. ಇರಲಿ, ಮುಂದಿನ ಸಾರಿ ಇನ್ನೂ ಚೆನ್ನಾಗಿ ಮಾಡೋಣ.”

ಇದನ್ನು ಬರೆದವರ ಮನಸ್ಸು ಒಳ್ಳೇದೇ. ಆದರೂ ಒಣಗಿದ ಕುಣಿಯೊಳಗೆ ನಿಂತವನಿಗೆ ಮೊದಲನೆಯ ಮಾತು ಸುಳ್ಳೆಂದು ತಿಳಿದದೆ. ಆದಕಾರಣ ಮುಂದೆ ಬರುವ ಹೊಗಳಿಕೆಯನ್ನೂ ಅವನು ನಂಬಲಾರನು. ಎರಡನೆಯ ಮಾತಿನಲ್ಲಿ “ಆದರೆ” ಎಂಬ ಚಿಕ್ಕ ಪದವು ತನ್ನ ಹಿಂದೆ ಇದ್ದ ಉಪಕಾರವನ್ನೆಲ್ಲಾ ಅಳಿಸಿಬಿಡುತ್ತದೆ. “ಇನ್ನೂ ಚೆನ್ನಾಗಿ” ಎಂಬದನ್ನು ಕೇಳಿದವನು, ಹಾಗಾದರೆ ಈ ಸಾರಿ ನಮ್ಮ ಕೈಯಲ್ಲಿ ಕೊರತೆ ಇತ್ತೋ ಎಂದು ನೊಂದುಕೊಳ್ಳುವನು.

ಅದೇ ಹಿರಿಯರು ಹೀಗೆ ಬರೆದಿದ್ದರೆ: “ನಾವು ತೋಡಿದ ಬಾವಿಯಲ್ಲಿ ನೀರು ಸಿಕ್ಕಲಿಲ್ಲ. ಸ್ಥಳವನ್ನು ಆರಿಸಿದವರು ಹಿರಿಯರಾದ ನಾವೇ. ಆ ಹೊಣೆ ನಮ್ಮದು. ನೀವು 26 ದಿವಸ ಹೊಲದ ಕೆಲಸವನ್ನು ತೀರಿಸಿ ಬಂದು ಅಗೆದಿರಿ. ಮಳೆ ಬಂದ ರಾತ್ರಿ ಕೆಲವರು ಎದ್ದು ಬಂದು ತೊಲೆಗಳನ್ನು ಕೊಟ್ಟು ದಡವನ್ನು ನಿಲ್ಲಿಸಿದ್ದರಿಂದ ಒಬ್ಬನಿಗೂ ಗಾಯವಾಗಲಿಲ್ಲ. ಇದಕ್ಕಾಗಿ ನಾವು ನಿಮಗೆ ಋಣಿಗಳು.” ಇಲ್ಲಿ ಸೋಲನ್ನು ಮೊದಲೇ, ಒಂದೇ ಸಾರಿ, ಮುಚ್ಚದೆ ಹೇಳಿಯದೆ, ಮೇಲೆ ಅದರ ಮಾತೇ ಇಲ್ಲ. ಹೊಗಳುವ ದೊಡ್ಡ ಪದ ಒಂದೂ ಇಲ್ಲ. ಕಣ್ಣಾರೆ ಕಂಡ ಕೆಲಸ ಮಾತ್ರ ಅದೆ. ಮಳೆಯ ರಾತ್ರಿ ಬಂದವರ ಹೆಸರುಗಳನ್ನು ಓದಿ ಹೇಳಿದರೆ ಇನ್ನೂ ಲೇಸು.

ಹೊಣೆಯ ವಿಷಯದಲ್ಲಿ ಇದು ಹಳ್ಳಿಯ ಬಾವಿಗೆ ಮಾತ್ರವಲ್ಲ, ದೇಶದ ದೊಡ್ಡ ಕೆಲಸಗಳಿಗೂ ಸಲ್ಲುವದು. 1979ನೇ ಆಗಸ್ಟ್ 10ರಲ್ಲಿ ಶ್ರೀಹರಿಕೋಟೆಯಿಂದ ನಮ್ಮ ದೇಶದವರು ಎಸ್.ಎಲ್.ವಿ.-3 ಎಂಬ ರಾಕೆಟನ್ನು ಮೊದಲನೆಯ ಸಾರಿ ಹಾರಿಸಿದರು. ಅನೇಕರು ವರ್ಷಗಟ್ಟಲೆ ದುಡಿದದ್ದು ಅದು. ಎರಡನೆಯ ಹಂತವನ್ನು ನಡಿಸುವ ಏರ್ಪಾಡು ಕೆಟ್ಟು, ರಾಕೆಟು ಸಮುದ್ರದಲ್ಲಿ ಬಿತ್ತು. ಕೆಲಸವನ್ನು ನಡಿಸಿದವರು ಅಬ್ದುಲ್ ಕಲಾಮರು; ಅವರ ಮೇಲಿದ್ದವರು, ಬೆಂಗಳೂರಿನ ವಿಜ್ಞಾನ ಮಂದಿರಕ್ಕೂ ಮುಖ್ಯಸ್ಥರಾಗಿದ್ದ ಸತೀಶ್ ಧವನರು. ಪತ್ರಿಕೆಯವರ ಮುಂದೆ ಧವನರು ತಾವೇ ಕೂತು, ಸೋಲನ್ನು ಒಪ್ಪಿಕೊಂಡು, ತನ್ನ ಜನರ ಮೇಲೆ ನಂಬಿಕೆಯುಂಟೆಂದು ಹೇಳಿದರು. 1980ನೇ ಜುಲೈ 18ರಲ್ಲಿ ಅದೇ ಜನರು ರೋಹಿಣಿ ಉಪಗ್ರಹವನ್ನು ಆಕಾಶಮಾರ್ಗದಲ್ಲಿ ನಿಲ್ಲಿಸಿದಾಗ, ಧವನರು ಹಿಂದೆ ಸರಿದು ಕಲಾಮರನ್ನೇ ಮಾತಾಡಲಿಕ್ಕೆ ಕಳುಹಿಸಿದರು. ಇದನ್ನು ಕಲಾಮರು ಮುಪ್ಪಿನ ವರೆಗೂ ಅನೇಕ ಕೂಟಗಳಲ್ಲಿ ಹೇಳುತ್ತಿದ್ದರು.

ಹಾಗಾದರೆ ತಪ್ಪು ನಿಜವಾಗಿ ಕೆಲಸಗಾರನಲ್ಲೇ ಇದ್ದರೆ ಏನು ಮಾಡಬೇಕು? ಅದನ್ನು ವಿಚಾರಿಸತಕ್ಕದ್ದೇ, ಆದರೆ ಬೇರೆ ದಿವಸ, ಬೇರೆ ಕಡೆ. ಉಪಕಾರದ ಪತ್ರದಲ್ಲಿ ವಿಚಾರಣೆಯ ಒಂದು ಮಾತು ಸೇರಿದರೂ ಓದುವವನಿಗೆ ಆ ಮಾತು ಮಾತ್ರ ಉಳಿಯುವದು. ಮೈಗಳ್ಳನಿದ್ದರೆ ಅವನು ಮಾಡದ ಕೆಲಸಕ್ಕೆ ಅವನನ್ನು ಹೊಗಳಬಾರದು, ಯಾಕಂದರೆ ಪಕ್ಕದಲ್ಲಿ ದುಡಿದವರು ಕೇಳುತ್ತಿರುತ್ತಾರೆ. ಕೂಲಿ ಬಾಕಿಯಿದ್ದರೆ ಮೊದಲು ಅದನ್ನು ತೀರಿಸಬೇಕು; ಕೂಲಿಗೆ ಬದಲಾಗಿ ಬಂದ ವಂದನೆಯನ್ನು ಗುರುತಿಸದಷ್ಟು ಮೂಢರು ನಮ್ಮ ಹಳ್ಳಿಗಳಲ್ಲಿಲ್ಲ. ತಿಂಗಳುಗಟ್ಟಲೆ ತಡಮಾಡಲೂ ಬಾರದು. ಒಂದು ವಾರದೊಳಗೆ ಹೇಳಿದರೆ ಒಳ್ಳೇದು.

ಮಾತು ಸರಿಯಾಗಿ ತಾಕಿತೋ ಇಲ್ಲವೋ ಎಂಬದು ಕೂಟ ಮುಗಿದ ಮೇಲೆ ತಿಳಿಯುವದು. ಜನರು ನೆಲ ನೋಡುತ್ತಾ ಬೇಗನೆ ಚದರಿಹೋದರೆ ಅದು ತಾಕಲಿಲ್ಲ. ಅವರಲ್ಲಿ ಇಬ್ಬರು ಮೂವರು ನಿಂತು, “30 ಅಡಿಯಲ್ಲೇ ಮಣ್ಣಿನ ಬಣ್ಣ ಬದಲಾಗಿತ್ತು, ಅಯ್ಯನವರೇ” ಎಂದು ತಾವಾಗಿ ಹೇಳಲಿಕ್ಕೆ ತೊಡಗಿದರೆ, ತಾಕಿತೆಂದು ತಿಳಿಯಬಹುದು.